ಬಾಲ ಬಂದ ಮೇಲೆ ಮಾತು: ಹಂಪಿಯಲ್ಲಿ ನಡೆಯುವ ಗುಂಪಿಗೆ ಕಥೆ ಹೇಳುವ ಲೆಕ್ಕ

ಮೊದಲ ಸಲ ಹಂಪಿಯಲ್ಲಿ ಒಂದು ಗುಂಪನ್ನು ಸುತ್ತಾಡಿಸಲು ಒಪ್ಪಿಕೊಂಡಾಗ ನಾನು ಹನ್ನೊಂದು ಪುಟ ಬರೆದುಕೊಂಡು ಹೋಗಿದ್ದೆ. ಇಪ್ಪತ್ತು ಜನ ಇದ್ದರು. ಎದುರು ಬಸವಣ್ಣನ ಹತ್ತಿರ ನಿಂತು 1336ರಿಂದ ಶುರು ಮಾಡಿದೆ. ಹರಿಹರ, ಬುಕ್ಕ, ಸಂಗಮರು, ಸಾಳುವರು. ಸಾಳುವರಿಗೆ ಬರುವ ಹೊತ್ತಿಗೆ ನನ್ನ ಮುಂದೆ ಆರು ಜನ ಉಳಿದಿದ್ದರು. ಮಿಕ್ಕವರು ಪಕ್ಕದ ಮಂಟಪದ ನೆರಳಿಗೆ ಹೋಗಿ ಕೂತಿದ್ದರು, ಒಬ್ಬರು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದರು. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಕೂತು ಕೇಳುವ ಮಾತು. ನಡೆಯುವವರಿಗೆ ಬೇರೆ ಥರದ ಬರಹ ಬೇಕು ಅಂತ ಅವತ್ತು ಗೊತ್ತಾಯಿತು. ಹೇಗೆ ಬೇರೆ ಅಂತ ಗೊತ್ತಾಗಲು ಮಾತ್ರ ಇನ್ನೂ ಹತ್ತಾರು ಸಲ ನಡೆಯಬೇಕಾಯಿತು.

ದಾರಿ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ವಿರೂಪಾಕ್ಷ ಗುಡಿಯ ದೊಡ್ಡ ಗೋಪುರದ ಮುಂದೆ ಶುರು. ಬಜಾರಿನ ಉದ್ದಕ್ಕೂ ಪೂರ್ವಕ್ಕೆ ನಡೆದರೆ ಎದುರು ಬಸವಣ್ಣ. ಅಲ್ಲಿಂದ ಎಡಕ್ಕೆ ಇಳಿದು ಹೊಳೆಯ ದಂಡೆ ಹಿಡಿದರೆ ಚಕ್ರತೀರ್ಥದ ಹತ್ತಿರ ಕೋದಂಡರಾಮ. ಮುಂದೆ ಅಚ್ಯುತರಾಯ ಗುಡಿಯ ಬೀದಿಯ ತುದಿ, ಸುಗ್ರೀವನ ಗುಹೆ, ತುಲಾಭಾರದ ಕಂಬಗಳು, ಕೊನೆಗೆ ವಿಠ್ಠಲ ಗುಡಿ. ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಒಬ್ಬರೇ ಬೀಸಾಗಿ ನಡೆದರೆ ಅರ್ಧ ಗಂಟೆಯಲ್ಲಿ ಮುಟ್ಟಬಹುದು. ಇಪ್ಪತ್ತು ಜನರ ಗುಂಪಿಗೆ ನಾನು ಇಟ್ಟುಕೊಳ್ಳುವುದು ಎರಡೂವರೆ ಗಂಟೆ.

ಈ ಎರಡೂವರೆ ಗಂಟೆ ಎಲ್ಲಿ ಹೋಗುತ್ತದೆ ಅನ್ನುವುದೇ ಬರಹದ ಮೊದಲ ಪಾಠ. 150 ನಿಮಿಷದಲ್ಲಿ ನಡಿಗೆಗೆ 55 ಹೋಗುತ್ತದೆ. ನೀರು, ಫೋಟೋ, ಶೂ ಲೇಸು, ಹಿಂದೆ ಉಳಿದವರಿಗೆ ಕಾಯುವುದು, ಇವಕ್ಕೆ 35. ಸುಮ್ನೆ ನೋಡಿಕೊಂಡಿರಲು 25 ಬೇಕೇ ಬೇಕು, ಇಲ್ಲದಿದ್ದರೆ ಜನ ಸಿಡಿಮಿಡಿ ಮಾಡುತ್ತಾರೆ. ಉಳಿದದ್ದು 35 ನಿಮಿಷ. ಬಯಲಲ್ಲಿ, ದನಿ ಎತ್ತಿ, ನಡುನಡುವೆ ನಿಲ್ಲಿಸಿ ಮಾತಾಡಿದರೆ ನನಗೆ ನಿಮಿಷಕ್ಕೆ ತೊಂಬತ್ತು ಪದದ ಆಚೆ ಹೋಗಲು ಆಗುವುದಿಲ್ಲ. ಅಂದರೆ ಒಟ್ಟು ಮೂರು ಸಾವಿರ ಪದ. ಎಂಟು ಕಡೆ ನಿಲ್ಲುತ್ತೇನೆ, ಒಂದೊಂದು ಕಡೆ ನಾಲ್ಕು ನಿಮಿಷ. ನನ್ನ ಹನ್ನೊಂದು ಪುಟ ಇದರೊಳಗೆ ಎಲ್ಲಿ ಹಿಡಿಯುತ್ತದೆ?

ಆದರೆ ಪದ ಕಡಿಮೆ ಮಾಡಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಗುಂಪಿಗೊಂದು ಬಾಲ ಇರುತ್ತದೆ. ಹೊಳೆದಂಡೆಯ ದಾರಿ ಕೆಲವು ಕಡೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಇಪ್ಪತ್ತು ಜನ ಸಾಲಾಗಿ ಹೋದರೆ, ಒಬ್ಬರು ಫೋಟೋಕ್ಕೆ ನಿಂತರೆ, ಇನ್ನೊಬ್ಬರು ಅಮ್ಮನ ಕೈ ಹಿಡಿದು ಬಂಡೆ ಇಳಿಸಿದರೆ, ಸಾಲು ಎಂಬತ್ತು ಮೀಟರ್ ಉದ್ದ ಆಗುವುದು ಏನೂ ಹೆಚ್ಚಲ್ಲ. ಆ ದಾರಿಯಲ್ಲಿ ನಿಮಿಷಕ್ಕೆ ನಲವತ್ತು ಮೀಟರ್ ನಡೆದರೆ ಅದೇ ದೊಡ್ಡದು. ಲೆಕ್ಕ ಹಾಕಿ: ನಾನು ನಿಂತ ಎರಡು ನಿಮಿಷಕ್ಕೆ ಕೊನೆಯವರು ಬರುತ್ತಾರೆ. ನಾನು ನಿಂತ ಕೂಡಲೇ ಬಾಯಿ ತೆರೆದರೆ ನಾಲ್ಕು ನಿಮಿಷದ ಮಾತಿನಲ್ಲಿ ಅರ್ಧ ಅವರಿಗೆ ಸಿಗುವುದಿಲ್ಲ. ಅದೂ ಶುರುವಿನ ಅರ್ಧ. ಅವರು ಬಂದವರೇ ಪಕ್ಕದವರನ್ನು "ಏನಂತೆ?" ಅಂತ ಕೇಳುತ್ತಾರೆ. ಪಕ್ಕದವರು ಹೇಳಲು ಶುರು ಮಾಡುತ್ತಾರೆ, ಅವರಿಗೂ ನನ್ನ ಮಾತು ತಪ್ಪಿಹೋಗುತ್ತದೆ. ನಿಮ್ಮ ಗುಂಪಿನಲ್ಲಿ ಪಿಸುಪಿಸು ಜಾಸ್ತಿ ಇದ್ದರೆ ಅವರಿಗೆ ಆಸಕ್ತಿ ಇಲ್ಲ ಅಂದುಕೊಳ್ಳಬೇಡಿ. ನೀವು ಬೇಗ ಶುರು ಮಾಡಿದ್ದೀರಿ, ಅಷ್ಟೇ.

ಹಾಗಂತ ಎರಡು ನಿಮಿಷ ಸುಮ್ಮನೆ ನಿಲ್ಲಲೂ ಆಗುವುದಿಲ್ಲ, ಮೊದಲು ಬಂದವರು ಫೋನ್ ತೆಗೆಯುತ್ತಾರೆ. ತೆಗೆದ ಫೋನ್ ಒಳಗೆ ಹೋಗುವುದಿಲ್ಲ. ಅದಕ್ಕೆ ಆ ಎರಡು ನಿಮಿಷಕ್ಕೆ ಬೇರೆಯೇ ಸಾಮಾನು ಬೇಕು: ಕೇಳಿದವರಿಗೆ ಖುಷಿ, ಕೇಳದವರಿಗೆ ನಷ್ಟವಿಲ್ಲ ಅನ್ನುವಂಥದ್ದು. ನಾನು ಹುಡುಕುವ ಕೆಲಸ ಕೊಡುತ್ತೇನೆ. ತುಲಾಭಾರದ ಹತ್ತಿರ ಮೊದಲು ಮುಟ್ಟಿದವರಿಗೆ, "ಮೇಲಿನ ಅಡ್ಡಕಲ್ಲಿನ ಕೆಳಗೆ ಏನೋ ಇದೆ, ಎಷ್ಟಿವೆ ಎಣಿಸಿ" ಅನ್ನುತ್ತೇನೆ. ಅಲ್ಲಿ ಕಲ್ಲಿನ ಬಳೆ ಥರ ಮೂರು ಕೊಂಡಿಗಳಿವೆ. ಅವರು ಕತ್ತೆತ್ತಿ ಎಣಿಸುವಾಗ ಹಿಂದಿನವರು ಬಂದು, ಇವರೇನು ನೋಡುತ್ತಿದ್ದಾರೆ ಅಂತ ತಾವೂ ಕತ್ತೆತ್ತುತ್ತಾರೆ. ಬಾಲ ಬರುವ ಹೊತ್ತಿಗೆ ಎಲ್ಲರ ಕಣ್ಣೂ ನನಗೆ ಬೇಕಾದ ಕಡೆಯೇ ಇರುತ್ತದೆ. ಆಗ ಮಾತು.

ನಡೆಯುವಾಗ ಮಾತಾಡುವುದು? ನನ್ನ ಪಕ್ಕದ ಮೂರು ನಾಲ್ಕು ಜನರಿಗೆ ಮಾತ್ರ ಕೇಳುತ್ತದೆ. ಅದು ಹರಟೆಗೆ ಸರಿ. ಮುಂದೆ ಬೇಕಾಗುವ ಒಂದೇ ಒಂದು ಸಂಗತಿಯನ್ನೂ ನಡೆಯುವಾಗ ಹೇಳಬಾರದು ಅಂತ ನಾನು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ.

ಈಗ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ಬರೋಣ. ನನ್ನ ಜರಡಿ ಒಂದೇ. ನಿಂತ ಜಾಗದಿಂದ ಬೆರಳು ಮಾಡಿ ತೋರಿಸಲು ಆಗುತ್ತದಾ? ಆಗದಿದ್ದರೆ ಅದು ಎಷ್ಟೇ ಮುಖ್ಯ ಆಗಿರಲಿ, ಆ ಜಾಗದಲ್ಲಿ ಬೇಡ. ಬಜಾರಿನ ಮಧ್ಯೆ ನಿಂತಾಗ ಎರಡೂ ಕಡೆ ಕಾಣುವುದು ಕಲ್ಲುಕಂಬದ ಮಂಟಪಗಳ ಸಾಲು. ಇಲ್ಲಿ ಮುತ್ತು ರತ್ನ ಮಾರುತ್ತಿದ್ದರು ಅನ್ನುವ ಮಾತನ್ನು ಎಲ್ಲರೂ ಶಾಲೆಯಲ್ಲೇ ಕೇಳಿರುತ್ತಾರೆ, ತೋರಿಸಲು ಒಂದು ಮಣಿಯೂ ಇಲ್ಲ. ಅದರ ಬದಲು ನಾನು ಹೇಳುವುದು, 2011ರ ತನಕ ಈ ಮಂಟಪಗಳಲ್ಲೇ ಜನ ಇದ್ದರು, ಅಂಗಡಿ ಇತ್ತು, ಹೋಟೆಲ್ ಇತ್ತು, ಆ ವರ್ಷ ಎಲ್ಲವನ್ನೂ ತೆರವು ಮಾಡಿದರು ಅಂತ. ಹೇಳಿದ ಕೂಡಲೇ ಜನ ಕಂಬಗಳನ್ನು ಬೇರೆ ಥರ ನೋಡಲು ಶುರು ಮಾಡುತ್ತಾರೆ. ಖಾಲಿ ಬೀದಿ ಇದ್ದಕ್ಕಿದ್ದ ಹಾಗೆ ಖಾಲಿ ಮನೆಗಳ ಬೀದಿ ಆಗುತ್ತದೆ. ಐನೂರು ವರ್ಷದ ಹಿಂದಿನ ಸಂಗತಿಗಿಂತ ಇದು ಕೆಲವರಿಗೆ ಜೋರಾಗಿ ತಾಗುತ್ತದೆ, ಗುಂಪಿನಲ್ಲಿ ಯಾರೋ ಒಬ್ಬರು "ಹೌದು, ನಾನು ಇಲ್ಲೇ ಊಟ ಮಾಡಿದ್ದೆ" ಅಂದೇ ಅನ್ನುತ್ತಾರೆ.

ಇಸವಿಗಳದ್ದು ದೊಡ್ಡ ತಲೆನೋವು. ಕೂತು ಓದುವವರು ಹಿಂದಿನ ಸಾಲಿಗೆ ಹೋಗಿ ನೋಡಬಹುದು, ನಡೆಯುವವರು ಎಲ್ಲಿಗೆ ಹೋಗಿ ನೋಡುತ್ತಾರೆ? ಬಿಸಿಲಲ್ಲಿ ಮೂರನೇ ಇಸವಿ ಕೇಳಿದ ಕೂಡಲೇ ಮೊದಲನೆಯದು ಬಿದ್ದುಹೋಗುತ್ತದೆ. ನಾನು ಇದಕ್ಕೆ ಒಂದು ಮಗುವನ್ನು ಹುಟ್ಟಿಸಿದ್ದೇನೆ. ಬರೀ ಕಲ್ಪನೆಯ ಮಗು, ಅದನ್ನು ಗುಂಪಿಗೂ ಹೇಳಿಬಿಡುತ್ತೇನೆ. ವಿರೂಪಾಕ್ಷ ಗುಡಿಯ ಅಂಗಳದಲ್ಲಿ ಒಂದು ಶಾಸನ ಇದೆ, ಕೃಷ್ಣದೇವರಾಯ 1510ರಲ್ಲಿ ತನ್ನ ಪಟ್ಟಾಭಿಷೇಕದ ನೆನಪಿಗೆ ಅಲ್ಲಿನ ರಂಗಮಂಟಪ ಕಟ್ಟಿಸಿದ್ದನ್ನು ಹೇಳುವಂಥದ್ದು. ಗೋಪುರದ ಮುಂದೆ ನಿಂತು ಅದನ್ನು ಹೇಳಿ, "ಆ ವರ್ಷ ಈ ಬೀದಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು ಅಂದುಕೊಳ್ಳಿ" ಅನ್ನುತ್ತೇನೆ. ಆಮೇಲೆ ಇಡೀ ದಾರಿ ನನಗೆ ಇಸವಿಯೇ ಬೇಡ, ಅವಳ ವಯಸ್ಸು ಸಾಕು. ಅಚ್ಯುತರಾಯ ಗುಡಿಯ ಬೀದಿಯ ತುದಿಯಲ್ಲಿ ನಿಂತು ದೂರದ ಗೋಪುರ ತೋರಿಸಿ, "ಇದು ಎದ್ದಾಗ ಅವಳಿಗೆ ಇಪ್ಪತ್ತನಾಲ್ಕು. ಬಹುಶಃ ಕಂಕುಳಲ್ಲಿ ಒಂದು ಕೂಸು." ಅದು 1534. ವಿಠ್ಠಲ ಗುಡಿಯ ನೂರು ಕಂಬದ ಮಂಟಪಕ್ಕೆ ಅವಳಿಗೆ ಆರು ವರ್ಷ, ಅಂದರೆ 1516. ಅಲ್ಲಿನ ಉಯ್ಯಾಲೆ ಮಂಟಪ 1554ರದ್ದು, ಅವಳಿಗೆ ನಲವತ್ತನಾಲ್ಕು. ಯಾರಾದರೂ ಇಸವಿ ಕೇಳಿದರೆ ಕೂಡಿಸಿ ಹೇಳಿದರಾಯಿತು. ತಮಾಷೆ ಏನೆಂದರೆ, ಅರ್ಧ ದಾರಿಗೆ ಬರುವ ಹೊತ್ತಿಗೆ ಜನವೇ ಕೇಳಲು ಶುರು ಮಾಡುತ್ತಾರೆ: "ಇದಕ್ಕೆ ಅವಳಿಗೆ ಎಷ್ಟು?"

ಇಸವಿ ಹೀಗೆ ಸಾಲಿಗೆ ಬಂತು. ಕಥೆ ಬರುವುದಿಲ್ಲ. ದಾರಿಯ ಸಾಲು ಒಂದು, ಕಥೆಯ ಸಾಲು ಇನ್ನೊಂದು. ನನ್ನ ಪ್ರಕಾರ ಇಂಥ ಬರಹ ಬರೆಯುವುದರಲ್ಲಿ ನಿಜವಾಗಿ ಕಷ್ಟದ ಜಾಗ ಇದೇ.

ಸುಗ್ರೀವನ ಕಥೆ ತಗೊಳ್ಳಿ. ಹೊಳೆದಂಡೆಯ ಈ ದಾರಿ ಪೂರ್ತಿ ಅವನದ್ದೇ. ಕಥೆಯ ಸಾಲಿನಲ್ಲಿ ಹೋದರೆ: ವಾಲಿ ದುಂದುಭಿಯನ್ನು ಕೊಂದು ಹೆಣವನ್ನು ಎಸೆಯುತ್ತಾನೆ, ರಕ್ತ ಮತಂಗ ಮುನಿಯ ಆಶ್ರಮದಲ್ಲಿ ಬೀಳುತ್ತದೆ, ಇಲ್ಲಿಗೆ ಕಾಲಿಟ್ಟರೆ ಸಾಯುತ್ತೀಯ ಅಂತ ಮುನಿ ಶಾಪ ಕೊಡುತ್ತಾನೆ. ಅಣ್ಣನಿಗೆ ಹೆದರಿದ ಸುಗ್ರೀವ ಆ ಶಾಪದ ಆಸರೆಯಲ್ಲೇ ಅಡಗುತ್ತಾನೆ. ಮೇಲೆ ಸೀತೆಯನ್ನು ಹೊತ್ತೊಯ್ಯುವುದು ಕಾಣುತ್ತದೆ, ಒಡವೆಯ ಗಂಟು ಕೆಳಗೆ ಬೀಳುತ್ತದೆ. ರಾಮ ಬರುತ್ತಾನೆ, ಒಡವೆ ನೋಡುತ್ತಾನೆ. ವಾಲಿ ಸಾಯುತ್ತಾನೆ. ಸುಗ್ರೀವನಿಗೆ ಪಟ್ಟ. ದಾರಿಯ ಸಾಲಿನಲ್ಲಿ ಹೋದರೆ? ಎದುರು ಬಸವಣ್ಣನ ಹತ್ತಿರ ಬೆನ್ನಿಗೇ ಮತಂಗ ಬೆಟ್ಟ, ಸರಿ, ಕಥೆಯ ಶುರು ಸಿಕ್ಕಿತು. ಆದರೆ ಮುಂದಿನದು ಕೋದಂಡರಾಮ, ರಾಮ ಸುಗ್ರೀವನಿಗೆ ಪಟ್ಟ ಕಟ್ಟಿದ ಜಾಗ ಅಂತ ಹೇಳುವುದು ಅದನ್ನೇ. ಅಂದರೆ ಕಥೆಯ ಕೊನೆ. ಒಡವೆ ಬಚ್ಚಿಟ್ಟ ಗುಹೆ ಅದಾದ ಮೇಲೆ ಸಿಗುತ್ತದೆ. ಕಾಲು ಮುಂದೆ ಹೋಗುತ್ತದೆ, ಕಥೆ ಹಿಂದಕ್ಕೆ ಬರುತ್ತದೆ.

ನಾನು ಮೊದಲು ಮಾಡಿದ ತಪ್ಪು, ಇಡೀ ಕಥೆಯನ್ನು ಬಸವಣ್ಣನ ಹತ್ತಿರವೇ ಹೇಳಿ ಮುಗಿಸಿ, ಮುಂದೆ ಒಂದೊಂದು ಕಡೆ "ಆಗಲೇ ಹೇಳಿದ್ನಲ್ಲ, ಅದೇ ಜಾಗ ಇದು" ಅನ್ನುತ್ತಿದ್ದುದು. "ಆಗಲೇ ಹೇಳಿದ್ನಲ್ಲ" ಅನ್ನುವ ಮಾತು ಬಾಯಿಗೆ ಬಂತು ಅಂದರೆ ಬರಹ ಕೆಟ್ಟಿದೆ ಅಂತ ತಿಳಿಯಿರಿ. ಜನ ನೆನಪು ಮಾಡಿಕೊಳ್ಳಲು ಒದ್ದಾಡುತ್ತಾರೆ, ಮುಂದಿರುವ ಕಲ್ಲನ್ನು ನೋಡುವುದಿಲ್ಲ.

ಇನ್ನೊಂದು ಉಪಾಯ ಇದೆ, ನಡಿಗೆಯನ್ನೇ ತಿರುಗಿಸುವುದು. ವಿಠ್ಠಲ ಗುಡಿಯಿಂದ ಶುರು ಮಾಡಿದರೆ ಗುಹೆ ಮೊದಲು, ಕೋದಂಡರಾಮ ಆಮೇಲೆ. ಅರ್ಧ ಸರಿಹೋಗುತ್ತದೆ, ಮತಂಗ ಬೆಟ್ಟ ಮಾತ್ರ ಕೊನೆಗೆ ಉಳಿಯುತ್ತದೆ. ಆದರೆ ಕಲ್ಲಿನ ರಥವನ್ನು ಮೊದಲೇ ನೋಡಿದ ಗುಂಪನ್ನು ಅಲ್ಲಿಂದ ಎಬ್ಬಿಸಿ ನಡೆಸುವುದು ಕಷ್ಟ. ನಾನು ಎರಡು ಸಲ ಮಾಡಿ ಬಿಟ್ಟೆ.

ಈಗ ಮಾಡುವುದು ಹೀಗೆ. ಬಸವಣ್ಣನ ಹತ್ತಿರ ಶಾಪ ಮಾತ್ರ. ಒಂದು ನಿಮಿಷ. "ಹಾಗಾಗಿ ಇಡೀ ಕಿಷ್ಕಿಂಧೆಯಲ್ಲಿ ವಾಲಿ ಕಾಲಿಡಲಾಗದ ಜಾಗ ಇದೊಂದೇ. ನೀವು ವಾಲಿಯ ತಮ್ಮ ಆಗಿದ್ದರೆ ಎಲ್ಲಿ ಅಡಗುತ್ತಿದ್ದಿರಿ?" ಅಷ್ಟು ಹೇಳಿ ನಡೆದುಬಿಡುತ್ತೇನೆ. ಕೋದಂಡರಾಮನ ಮುಂದೆ, ಹೊಳೆ ತಿರುಗುವ ಜಾಗದಲ್ಲಿ, ಕೊನೆಯನ್ನು ಕೊನೆ ಅಂತಲೇ ಹೇಳುತ್ತೇನೆ: "ಆ ಹೆದರುಪುಕ್ಕ ತಮ್ಮ ಇಲ್ಲಿ ರಾಜ ಆದ. ಹತ್ತು ನಿಮಿಷದ ಹಿಂದೆ ಬೆಟ್ಟದಲ್ಲಿ ಅಡಗಿದ್ದವನು. ರಾಮನಂಥವನು ಇವನ ಜೊತೆ ಯಾಕೆ ಕೈ ಜೋಡಿಸಿದ? ಇವನ ಹತ್ತಿರ ರಾಮನಿಗೆ ಬೇಕಾದ್ದು ಒಂದಿತ್ತು. ಅದನ್ನು ಇಟ್ಟ ಜಾಗಕ್ಕೆ ಹೋಗೋಣ." ಈಗ ಕಥೆಯ ನಡುಭಾಗವೇ ಕೊನೆಯ ಗುಟ್ಟು ಆಯಿತು. ಗುಹೆಯ ಹತ್ತಿರ ಬಂಡೆಯ ಮೇಲೆ ಗೆರೆಗಳಿವೆ, ಸೀತೆಯ ಸೆರಗು ಎಳೆದ ಗುರುತಂತೆ. ಮೊದಲು ಬಂದವರಿಗೆ ಗೆರೆ ಹುಡುಕುವ ಕೆಲಸ. ಎಲ್ಲರೂ ಬಂದ ಮೇಲೆ ಒಡವೆಯ ಗಂಟು ಬಿಚ್ಚುತ್ತೇನೆ. ಗುರುತು ಸಿಗುತ್ತದಾ ನೋಡು ಅಂತ ರಾಮ ಕೇಳಿದಾಗ ಲಕ್ಷ್ಮಣ, ತೋಳಿನದ್ದು ಗೊತ್ತಿಲ್ಲ, ಕಿವಿಯದ್ದು ಗೊತ್ತಿಲ್ಲ, ದಿನಾ ಕಾಲಿಗೆ ನಮಸ್ಕಾರ ಮಾಡುತ್ತಿದ್ದೆ, ಕಾಲಂದುಗೆ ಮಾತ್ರ ಗೊತ್ತು ಅನ್ನುತ್ತಾನಲ್ಲ, ಅದನ್ನು ಹೇಳಿ ನಿಲ್ಲಿಸುತ್ತೇನೆ. ಗುಂಪಿನಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರುತ್ತದೆ. ಗೊತ್ತಿದ್ದವರೇ ಹೆಚ್ಚು ಸುಮ್ಮನಾಗುತ್ತಾರೆ.

"ಗುರುತಂತೆ" ಅಂದೆ, ನೋಡಿದಿರಾ? ಈ "ಅಂತೆ" ನಮ್ಮ ಭಾಷೆ ಕೊಟ್ಟ ದೊಡ್ಡ ಅನುಕೂಲ. ಹಂಪಿಯಲ್ಲಿ ಪುರಾಣ, ಊರವರ ಮಾತು, ಶಾಸನ ಮೂರೂ ಒಂದೇ ಬಂಡೆಯ ಮೇಲೆ ಕೂತಿರುತ್ತವೆ. ಪ್ರತಿ ಸಲ "ಇದಕ್ಕೆ ಆಧಾರ ಇಲ್ಲ, ಇದು ನಂಬಿಕೆ" ಅಂತ ನಿಲ್ಲಿಸಿ ಹೇಳಿದರೆ ಕಥೆಯ ಉಸಿರು ನಿಲ್ಲುತ್ತದೆ. ಹೇಳದೆ ಬಿಟ್ಟರೆ ಸುಳ್ಳು ಹೇಳಿದಂತೆ. ನಾನು ಬರೆಯುವಾಗಲೇ ಕ್ರಿಯಾಪದದಲ್ಲಿ ಗುರುತು ಹಾಕುತ್ತೇನೆ. ಕಲ್ಲಿನ ಮೇಲೆ ಬರೆದಿದ್ದರೆ "ಕಟ್ಟಿಸಿದ". ಕೇಳಿ ಬಂದದ್ದಾದರೆ "ಕಟ್ಟಿಸಿದನಂತೆ". ನೋಡಿ ಊಹಿಸಿದ್ದಾದರೆ "ಕಟ್ಟಿಸಿರಬೇಕು". ವಿಠ್ಠಲ ಗುಡಿಯ ನಾದ ಹೊಮ್ಮುವ ಕಂಬಗಳ ವಿಷಯದಲ್ಲಿ, ಒಳಗೇನಿದೆ ನೋಡಲು ಬ್ರಿಟಿಷರು ಎರಡು ಕಂಬ ಕತ್ತರಿಸಿದರು ಅಂತ ಸುಮಾರು ಜನ ಹೇಳುತ್ತಾರೆ. ನನ್ನ ಚೀಟಿಯಲ್ಲಿ ಅದು "ಕತ್ತರಿಸಿದರಂತೆ". ಒಂದು ಅಕ್ಷರದ ವ್ಯತ್ಯಾಸ, ಕೇಳುವವರಿಗೆ ತಾನಾಗಿ ಗೊತ್ತಾಗುತ್ತದೆ. ಆದರೆ ಒಂದು ಎಚ್ಚರ. ಅಂತೆ ಅಂತೆ ಅಂತ ಸಾಲಾಗಿ ಆರು ಸಲ ಬಂದರೆ ನಿಮಗೇ ನಂಬಿಕೆ ಇಲ್ಲದ ಹಾಗೆ ಕೇಳಿಸುತ್ತದೆ. ರಾಮಾಯಣದ ಭಾಗದಲ್ಲಿ ಶುರುವಿಗೆ ಒಂದು ಸಲ ಹಾಕಿ ಆಮೇಲೆ ನೇರ ಹೇಳಿಬಿಡುತ್ತೇನೆ, ಅದು ಕಥೆ ಅಂತ ಎಲ್ಲರಿಗೂ ಗೊತ್ತು.

ಚೀಟಿ ಅಂದೆ. ಹನ್ನೊಂದು ಪುಟದ ಜಾಗದಲ್ಲಿ ಈಗ ಎಂಟು ಚೀಟಿಗಳಿವೆ, ಅರ್ಧ ಹಾಳೆಯವು. ಪ್ರತಿ ಚೀಟಿಯ ತಲೆಯಲ್ಲಿ ನಾನೆಲ್ಲಿ ನಿಲ್ಲಬೇಕು ಅನ್ನುವುದು ಇರುತ್ತದೆ, ಇದನ್ನು ಬರೆಯದೇ ಬಿಡುವವರೇ ಜಾಸ್ತಿ. ಬಿಸಿಲು ಗುಂಪಿನ ಬೆನ್ನಿಗೆ ಇರಬೇಕು, ನನ್ನ ಮುಖಕ್ಕೆ ಇರಬೇಕು. ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೆ ಅವರು ಕಲ್ಲನ್ನೂ ನೋಡುವುದಿಲ್ಲ, ನನ್ನನ್ನೂ ನೋಡುವುದಿಲ್ಲ. ಬೆಳಗಿನ ನಡಿಗೆಯಲ್ಲಿ ಬಸವಣ್ಣನ ಕಡೆ ಹೋಗುವಾಗ ಸೂರ್ಯ ಎದುರಿಗೇ ಇರುತ್ತಾನೆ, ಆದ್ದರಿಂದ ಅವರನ್ನು ದಾಟಿಸಿ, ತಿರುಗಿಸಿ ನಿಲ್ಲಿಸಬೇಕು. ಆಗ ಬಂದ ದಾರಿ, ದೂರದ ಗೋಪುರ ಎಲ್ಲ ಚೆನ್ನಾಗಿ ಕಾಣುತ್ತದೆ. ಅದರ ಕೆಳಗೆ ಮೊದಲ ವಾಕ್ಯ, ಅಕ್ಷರಕ್ಕೆ ಅಕ್ಷರ. ಕೊನೆಯ ವಾಕ್ಯ, ಅದೂ ಹಾಗೇ. ಇವೆರಡು ಮಾತ್ರ ಬಾಯಿಪಾಠ. ನಡುವೆ ಎರಡು ಮೂರು ಪದಗಳ ಗುರುತು ಸಾಕು, ಉಳಿದದ್ದು ಮುಖ ನೋಡಿ ಹೇಳುವುದು. ಕೊನೆಯ ವಾಕ್ಯ ಯಾಕೆ ಬಾಯಿಪಾಠ ಬೇಕು ಅಂದರೆ, ಮಾತು ಮುಗಿಸಲು ಬಾರದವರು "ಇನ್ನೊಂದು ವಿಷಯ" ಅಂತ ಸೇರಿಸುತ್ತಲೇ ಹೋಗುತ್ತಾರೆ. ನಾನೂ ಅದೇ ಜಾತಿ. ಚೀಟಿಯ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ತಡವಾದರೆ ಇದನ್ನು ಬಿಡು. ಏನು ಬಿಡಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿರಬೇಕು. ಬಿಸಿಲಲ್ಲಿ ನಿಂತು ತೀರ್ಮಾನ ಮಾಡಿದರೆ ಯಾವಾಗಲೂ ಒಳ್ಳೆಯದೇ ಬಿಟ್ಟುಹೋಗುತ್ತದೆ.

ಕೆಲವನ್ನು ಪೂರ್ತಿ ಬಿಡಬೇಕಾಗುತ್ತದೆ. ವಿರೂಪಾಕ್ಷ ಗುಡಿಯೊಳಗೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವ ಕತ್ತಲೆ ಜಾಗ ಇದೆಯಲ್ಲ, ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ಚಿತ್ರ ಮೂಡುವುದು. ಅದ್ಭುತ. ಆದರೆ ಒಮ್ಮೆಗೆ ಐದಾರು ಜನ ನಿಂತು ನೋಡಿದರೆ ಹೆಚ್ಚು. ಇಪ್ಪತ್ತು ಜನ ಅಂದರೆ ನಾಲ್ಕು ತಂಡ, ಚಪ್ಪಲಿ ಬಿಡುವುದು ಹುಡುಕುವುದು ಸೇರಿ ಅರ್ಧ ಗಂಟೆ ಖಾಲಿ. ಮೂರು ತಂಡ ಕಾಯುತ್ತಾ ನಿಂತಾಗ ನನ್ನ ನಡಿಗೆ ಶುರುವಿಗೇ ಸತ್ತಿರುತ್ತದೆ. ಅದನ್ನು "ಸಂಜೆ ನೀವೇ ಬಂದು ನೋಡಿ" ಅಂತ ಹೇಳಿ ಕಳಿಸುತ್ತೇನೆ.

ಇನ್ನು ಕೊನೆಯ ಎರಡು ಚೀಟಿ, ತುಲಾಭಾರ ಮತ್ತು ರಥ. ಇವೆರಡರ ನಡುವೆ ಏನನ್ನು ಎಲ್ಲಿ ಇಡಬೇಕು ಅಂತ ನಾನು ಬಹಳ ದಿನ ಒದ್ದಾಡಿದ್ದೇನೆ. ವಿಜಯನಗರದ ಕೊನೆಯನ್ನು, ಅಂದರೆ 1565ರ ಯುದ್ಧವನ್ನು, ಎಲ್ಲಿ ಹೇಳುವುದು? ಸಹಜವಾಗಿ ಎಲ್ಲರೂ ಕೊನೆಗೆ ಅನ್ನುತ್ತಾರೆ, ರಥದ ಮುಂದೆ, ಎಲ್ಲ ನೋಡಿ ಆದ ಮೇಲೆ. ನಾನೂ ಹಾಗೇ ಮಾಡುತ್ತಿದ್ದೆ. ಒಬ್ಬರೂ ಕೇಳುತ್ತಿರಲಿಲ್ಲ. ರಥ ಕಂಡ ಮೇಲೆ ಗುಂಪು ಅನ್ನುವುದೇ ಇರುವುದಿಲ್ಲ, ಇಪ್ಪತ್ತು ಕ್ಯಾಮೆರಾ ಇರುತ್ತವೆ, ಅಷ್ಟೇ.

ಹಾಗಾಗಿ ಕೊನೆಯನ್ನು ಹೊರಗೇ ಹೇಳಿಬಿಡುತ್ತೇನೆ, ತುಲಾಭಾರದ ಹತ್ತಿರ. ಎರಡು ಎತ್ತರದ ಕಂಬ, ಮೇಲೊಂದು ಅಡ್ಡಕಲ್ಲು, ಮೂರು ಕೊಂಡಿ. ಸುಮಾರು ಜನ ಇದನ್ನು ಬಾಗಿಲು ಅಂದುಕೊಳ್ಳುತ್ತಾರೆ, ಕೆಲವರು ಉಯ್ಯಾಲೆ. ಕೊಂಡಿಗೆ ತಕ್ಕಡಿ ಕಟ್ಟಿ, ಒಂದು ಕಡೆ ರಾಜ ಕೂತು, ಇನ್ನೊಂದು ಕಡೆ ಅವನ ತೂಕದ ಚಿನ್ನ ಇಟ್ಟು ದಾನ ಮಾಡುತ್ತಿದ್ದರಂತೆ. ಒಂದು ಕಂಬದ ಬುಡದಲ್ಲಿ ರಾಜ ರಾಣಿಯರ ಸಣ್ಣ ಕೆತ್ತನೆ ಇದೆ, ಅದನ್ನು ಬಗ್ಗಿ ನೋಡಿಸುತ್ತೇನೆ. ಜನ ಬಗ್ಗಿ ಎದ್ದ ಮೇಲೆ ಹೇಳುತ್ತೇನೆ: "ನಮ್ಮ ಬಜಾರಿನ ಹುಡುಗಿಗೆ ಐವತ್ತೈದು ವರ್ಷ ಆದಾಗ, 1565ರ ಜನವರಿಯಲ್ಲಿ, ಸೈನ್ಯ ಸೋತ ಸುದ್ದಿ ಬಂತು. ನೀವು ಬೆಳಗ್ಗೆಯಿಂದ ನೋಡಿದ ಬೀದಿಗಳೆಲ್ಲ ಅವಳು ಬದುಕಿರುವಾಗಲೇ ತುಂಬಿದವು, ಅವಳು ಬದುಕಿರುವಾಗಲೇ ಖಾಲಿಯೂ ಆದವು." ಇಷ್ಟೇ. ಯುದ್ಧದ ವಿವರ, ಯಾರು ಯಾರ ಕಡೆ, ಒಂದೂ ಇಲ್ಲ. ಕೇಳಿದವರಿಗೆ ನಡೆಯುತ್ತಾ ಹೇಳುತ್ತೇನೆ, ಅದು ಹರಟೆಯ ಲೆಕ್ಕಕ್ಕೆ.

ಕೊನೆ ಮೊದಲೇ ಗೊತ್ತಾದರೆ ವಿಠ್ಠಲ ಗುಡಿಯೊಳಗೆ ನನಗೆ ದೊಡ್ಡ ಲಾಭ. ಉಯ್ಯಾಲೆ ಮಂಟಪದ ಮುಂದೆ "ಇದು ಕಟ್ಟಿದಾಗ ಅವಳಿಗೆ ನಲವತ್ತನಾಲ್ಕು" ಅಂದರೆ ಸಾಕು. ಹನ್ನೊಂದು ವರ್ಷ ಉಳಿದಿದೆ ಅಂತ ಲೆಕ್ಕ ಅವರೇ ಹಾಕುತ್ತಾರೆ. ಮುಖದಲ್ಲಿ ಕಾಣುತ್ತದೆ.

ರಥದ ಚೀಟಿ ಪೂರ್ತಿ ಕೊಡುತ್ತೇನೆ, ಎಷ್ಟು ಕಡಿಮೆ ಅಂತ ನೋಡಿ. ಮೊದಲ ಎರಡು ನಿಮಿಷದ ಕೆಲಸ: ಐವತ್ತರ ನೋಟು ಇದ್ದವರು ತೆಗೆದು ಹಿಂಬದಿಯ ಚಿತ್ರವನ್ನೂ ಎದುರಿನ ರಥವನ್ನೂ ಹೋಲಿಸುವುದು. ಬಾಲ ಬಂದ ಮೇಲೆ:

"ಎಲ್ಲರೂ ರಥದ ಪಕ್ಕಕ್ಕೆ ಬನ್ನಿ. ಮುಂದೆ ಬೇಡ, ಪಕ್ಕ. ಆನೆ ಕಾಣ್ತಿದೆಯಾ? ಆನೆ ಬಿಡಿ, ಅದರ ಹಿಂದೆ ನೋಡಿ. ಏನದು?"

ಇಲ್ಲಿ ಚೀಟಿಯಲ್ಲಿ ನಾನೇ ಬರೆದುಕೊಂಡಿದ್ದೇನೆ: ಹತ್ತು ಎಣಿಸು, ಉತ್ತರ ಹೇಳಬೇಡ. ಯಾರಾದರೂ ಒಬ್ಬರು, ಸಾಮಾನ್ಯವಾಗಿ ಮಕ್ಕಳು, "ಬಾಲ" ಅನ್ನುತ್ತಾರೆ.

"ಹೌದು, ಬಾಲ. ಕುದುರೆಯದ್ದು. ಈ ರಥಕ್ಕೆ ಮೊದಲು ಕುದುರೆಗಳಿದ್ದವು. ಅವು ಹೋದ ಮೇಲೆ ಆನೆಗಳನ್ನು ತಂದು ಇಟ್ಟಿದ್ದಾರೆ. ಈಗ ಮೇಲೆ ನೋಡಿ, ಬೋಳು. ಕೈಗೆ ಕೊಟ್ಟ ಫೋಟೋ 1856ರದ್ದು. ಅದರಲ್ಲಿ ಮೇಲೆ ಇಟ್ಟಿಗೆಯ ಗೋಪುರ ಇದೆ. ಅಂದ ಮೇಲೆ ಇದು ರಥವಾ, ಗುಡಿಯಾ? ಗುಡಿ. ಗರುಡನ ಗುಡಿ. ವಾಹನ ತನ್ನ ದೇವರ ಎದುರು ನಿಂತಿದೆ. ಒಂದೇ ಕಲ್ಲು ಅಂತ ಸುಮಾರು ಜನ ಹೇಳ್ತಾರೆ, ಅಲ್ಲ. ತುಂಡು ತುಂಡು ಜೋಡಿಸಿದ್ದು. ಸಂದು ಎಲ್ಲಿದೆ ಹುಡುಕಿ, ಹದಿನೈದು ನಿಮಿಷ ನಿಮ್ಮದು."

ಇದು ಒಂದೂವರೆ ನಿಮಿಷಕ್ಕೆ ಮುಗಿಯುತ್ತದೆ. ಬರೆದ ಮೊದಲ ಸಲ ಇದರಲ್ಲಿ ಚಕ್ರದ ವಿಷಯ ಇತ್ತು, ಹಿಂದೆ ತಿರುಗುತ್ತಿದ್ದವು, ಸವೆಯದಿರಲಿ ಅಂತ ಸಿಮೆಂಟ್ ಹಾಕಿ ನಿಲ್ಲಿಸಿದ್ದಾರೆ ಅಂತ. ಅದು ಈಗ ಕೆಂಪು ಸಾಲಿಗೆ ಹೋಗಿದೆ. ಹೇಗೂ ಯಾರಾದರೂ ಕೇಳುತ್ತಾರೆ, ಆಗ ಹೇಳಿದರೆ ಅವರ ಪ್ರಶ್ನೆಗೆ ಉತ್ತರ ಆಗುತ್ತದೆ, ನಾನು ತುರುಕಿದ ಮಾಹಿತಿ ಆಗುವುದಿಲ್ಲ.

ಆ 1856ರ ಫೋಟೋ ತೆಗೆದದ್ದು ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ. ಹೆಸರನ್ನು ನಾನು ಗುಂಪಿಗೆ ಹೇಳುವುದಿಲ್ಲ, ಆ ಹೊತ್ತಿಗೆ ಇನ್ನೊಂದು ಹೆಸರಿಗೆ ತಲೆಯಲ್ಲಿ ಜಾಗ ಇರುವುದಿಲ್ಲ. ಫೋಟೋ ಹಿಂದೆ ಬರೆದಿಟ್ಟಿದ್ದೇನೆ, ತಿರುಗಿಸಿ ನೋಡುವವರು ನೋಡಲಿ. ಪ್ರತಿ ಎಷ್ಟು ಅನ್ನುವುದೂ ಲೆಕ್ಕದ ವಿಷಯವೇ. ಒಂದೇ ಪ್ರತಿ ಇಪ್ಪತ್ತು ಕೈ ದಾಟಬೇಕಾದರೆ, ಒಬ್ಬರಿಗೆ ಹತ್ತು ಸೆಕೆಂಡ್ ಅಂದರೂ ಮೂರು ನಿಮಿಷ ಮೀರುತ್ತದೆ, ಕೊನೆಯವರಿಗೆ ಸಿಗುವಾಗ ನನ್ನ ಮಾತು ಮುಗಿದಿರುತ್ತದೆ. ಈಗ ಐದು ಪ್ರತಿ ಒಯ್ಯುತ್ತೇನೆ, ಲ್ಯಾಮಿನೇಷನ್ ಮಾಡಿಸಿದ್ದು. ಮೊದಲ ಪ್ರತಿಯನ್ನು ಯಾವಾಗಲೂ ಬಾಲದಲ್ಲಿ ಬಂದವರ ಕೈಗೇ ಕೊಡುತ್ತೇನೆ.